ಹಿಡಿಯುವುದೇ, ತಿರುಗಿಸುವುದೇ, ಬಿಡುವುದೇ? – ಮಾಹಿತಿ ವೇದಿಕೆಗಳ ತ್ರೈಮಾಸಿಕ ಪರಾಮರ್ಶೆ

(ಬೆಳೆಗಾರರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನಾನು ಬೆಳೆಯ ಬಗ್ಗೆ ಮಾತನಾಡುವುದಿಲ್ಲ. ಬೆಳೆಯ ಮಾಹಿತಿಯನ್ನು ಜನರಿಗೆ ತಲುಪಿಸುವ ವೇದಿಕೆಗಳ ಬಗ್ಗೆ ಮಾತನಾಡುತ್ತೇನೆ. ಮಲೆನಾಡಿನ ಬಹುತೇಕ ಸಂಘಗಳು ಇಂದು ಒಂದು ವಾಟ್ಸಾಪ್ ಗುಂಪು, ಒಂದು ಫೇಸ್‌ಬುಕ್ ಪುಟ, ಒಂದು ಯೂಟ್ಯೂಬ್ ಚಾನೆಲ್ ಇಟ್ಟುಕೊಂಡಿವೆ. ಇವುಗಳಿಗೆ ಹಣ ಬೇಕಿಲ್ಲವೆಂಬ ಭಾವನೆ ವ್ಯಾಪಕವಾಗಿದೆ. ಆದರೆ ಸಮಯ ಬೇಕು. ಸಂಜೆ ಕಾಲೇಜಿನಿಂದ ಬಂದ ಹುಡುಗಿಯೊಬ್ಬಳು ಮೂರು ಗಂಟೆ ಕುಳಿತು ವಿಡಿಯೊ ಜೋಡಿಸಿದರೆ, ಆ ಮೂರು ಗಂಟೆ ಆಕೆಯ ಓದಿನಿಂದಲೋ ನಿದ್ರೆಯಿಂದಲೋ ಬಂದದ್ದು. ಆದುದರಿಂದ ಯಾವ ವೇದಿಕೆಯನ್ನು ಮುಂದುವರಿಸಬೇಕು, ಯಾವುದರ ದಿಕ್ಕನ್ನು ಬದಲಿಸಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ಮೂರು ತಿಂಗಳಿಗೊಮ್ಮೆ ಕುಳಿತು, ಪುರಾವೆ ನೋಡಿ ನಿರ್ಧರಿಸಬೇಕಾಗುತ್ತದೆ. ಹೆಚ್ಚಿನ ಕಡೆ ಈ ತೀರ್ಮಾನವು ಯಾರ ದನಿ ದೊಡ್ಡದೋ ಅವರದಾಗಿರುತ್ತದೆ.

ಮೊದಲಿಗೆ ಪುರಾವೆ ಎಂದರೇನು ಎಂಬುದನ್ನು ನೋಡೋಣ. ವೇದಿಕೆಯೇ ನಮಗೆ ತೋರಿಸುವ ಅಂಕಿಯನ್ನು ನಾವು ಪುರಾವೆ ಎಂದು ನಂಬುತ್ತೇವೆ. ‘ಸಾವಿರ ಮಂದಿ ನೋಡಿದರು’ ಎಂದು ಪರದೆಯ ಮೇಲೆ ಬರುತ್ತದೆ, ನಾವು ಹಿಗ್ಗುತ್ತೇವೆ. ನೋಡುವುದು ಎಂಬ ಮಾತಿನ ಅರ್ಥವನ್ನು ಇಲ್ಲಿ ನಿಗದಿ ಮಾಡಿದವರು ನಾವಲ್ಲ, ಆ ಕಂಪನಿಯವರು. ಅಳತೆಯ ಕೊಳಗ ಅಂಗಡಿಯವನದೇ ಆಗಿದ್ದರೆ ಎಷ್ಟು ಎಚ್ಚರ ಬೇಕೋ ಅಷ್ಟು ಎಚ್ಚರ ಇಲ್ಲಿಯೂ ಬೇಕು.

ಇದಕ್ಕೆ ಜಗತ್ತೇ ಬಲ್ಲ ಒಂದು ಪ್ರಕರಣವಿದೆ. ಜನರು ತನ್ನಲ್ಲಿ ಹಾಕಿದ ವಿಡಿಯೊವನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆಂದು ಫೇಸ್‌ಬುಕ್ ಲೆಕ್ಕ ಕೊಡುತ್ತಿತ್ತು. ಆ ಲೆಕ್ಕದಲ್ಲಿ ತಪ್ಪಿದೆಯೆಂದು ಅದು 2016ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿ ಸರಿದುಹೋದವರನ್ನು ಭಾಗಾಕಾರದಿಂದಲೇ ಕೈಬಿಡಲಾಗಿತ್ತು. ಇದರ ಪರಿಣಾಮ ಏನೆಂದು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ನೂರು ಮಂದಿಯ ಮುಂದೆ ವಿಡಿಯೊ ಬಂದಿತು, 70 ಮಂದಿ ಒಂದೇ ಸೆಕೆಂಡಿನಲ್ಲಿ ಸರಿದರು, ಉಳಿದ 30 ಮಂದಿ ತಲಾ 20 ಸೆಕೆಂಡು ನೋಡಿದರು ಎಂದಿಟ್ಟುಕೊಳ್ಳಿ. ಎಲ್ಲರನ್ನೂ ಎಣಿಸಿದರೆ ಸರಾಸರಿ ಏಳು ಸೆಕೆಂಡಿಗಿಂತ ಕಡಿಮೆ. ಸರಿದವರನ್ನು ಬಿಟ್ಟು ಎಣಿಸಿದರೆ 20 ಸೆಕೆಂಡು. ಮೊಳೆಯದ ಬೀಜವನ್ನು ಲೆಕ್ಕದಿಂದ ತೆಗೆದುಹಾಕಿ, ನಮ್ಮ ಬೀಜ ನೂರಕ್ಕೆ ನೂರು ಮೊಳೆಯಿತು ಎಂದ ಹಾಗೆ.

ಅದೇ ಕಾಲದಲ್ಲಿ ಅಮೆರಿಕೆಯ ಅನೇಕ ಸುದ್ದಿ ಸಂಸ್ಥೆಗಳು ಬರವಣಿಗೆಯನ್ನು ಕಡಿಮೆ ಮಾಡಿ ವಿಡಿಯೊದ ಕಡೆಗೆ ತಿರುಗಿದವು. ‘ಮೈಕ್’ ಎಂಬ ಸಂಸ್ಥೆ 2017ರ ಆಗಸ್ಟಿನಲ್ಲಿ ಇದೇ ಕಾರಣ ಕೊಟ್ಟು 25 ಮಂದಿಯನ್ನು ಕೆಲಸದಿಂದ ತೆಗೆಯಿತು. 2018ರ ನವೆಂಬರಿನಲ್ಲಿ ಫೇಸ್‌ಬುಕ್ ಅದರ ಕಾರ್ಯಕ್ರಮವೊಂದರ ಒಪ್ಪಂದವನ್ನು ಮುಂದುವರಿಸದೆ ನಿಲ್ಲಿಸಿತು. ಅದೇ ತಿಂಗಳು ಉಳಿದ ಬಹುತೇಕ ಸಿಬ್ಬಂದಿಯನ್ನೂ ಕಳಿಸಿ, ಸಂಸ್ಥೆಯನ್ನು ಇನ್ನೊಬ್ಬರಿಗೆ ಮಾರಲಾಯಿತು. ಆ ಸಂಸ್ಥೆಗಳು ಮುಳುಗಲು ಒಂದು ತಪ್ಪು ಲೆಕ್ಕವೇ ಕಾರಣವೆಂದು ನಾನು ಹೇಳುವುದಿಲ್ಲ. ಜಾಹೀರಾತಿನ ಹಣವೂ ಬೇರೆಡೆಗೆ ಹರಿಯುತ್ತಿತ್ತು. ಆದರೆ ದಿಕ್ಕು ಬದಲಿಸಲು ಅವು ಆಧಾರವಾಗಿ ಹಿಡಿದ ಅಂಕಿ ತಮ್ಮದಾಗಿರಲಿಲ್ಲ ಎಂಬುದಂತೂ ನಿಜ.

ಅಂಕಿ ತಪ್ಪಾಗದಿದ್ದರೂ ಅದರ ಅರ್ಥ ನಡುವೆ ಬದಲಾಗಬಹುದು. ಯೂಟ್ಯೂಬಿನ ‘ಶಾರ್ಟ್ಸ್’ ಎಂಬ ಕಿರುವಿಡಿಯೊಗಳಿಗೆ 2025ರ ಮಾರ್ಚ್ 31ರಿಂದ ಎಣಿಕೆಯ ಕ್ರಮ ಬದಲಾಯಿತು. ಅದಕ್ಕೆ ಮೊದಲು ಒಂದಿಷ್ಟು ಸೆಕೆಂಡು ನೋಡಿದರೆ ಮಾತ್ರ ಒಂದು ವೀಕ್ಷಣೆ. ಆ ದಿನದಿಂದ ವಿಡಿಯೊ ಓಡಲು ಶುರುವಾದೊಡನೆಯೇ ಒಂದು ವೀಕ್ಷಣೆ. 2025ರ ಜನವರಿ–ಮಾರ್ಚ್ ಅವಧಿಯನ್ನು ಏಪ್ರಿಲ್–ಜೂನ್ ಅವಧಿಯೊಂದಿಗೆ ಹೋಲಿಸಿದವರಿಗೆ ತಮ್ಮ ಕೆಲಸ ಕುದುರಿತೆಂದು ಕಂಡಿದ್ದರೆ ಆಶ್ಚರ್ಯವಿಲ್ಲ. ಹಳೆಯ ಅಳತೆಯೂ ಬೇರೊಂದು ಹೆಸರಿನಲ್ಲಿ ಒಳಗಿನ ಪುಟದಲ್ಲಿ ಸಿಗುತ್ತದೆ. ಹೋಲಿಸುವುದಾದರೆ ಅದನ್ನು ಹೋಲಿಸಬೇಕು. ಒಂದೇ ತಿಂಗಳಲ್ಲಿ ಅಂಕಿ ಇದ್ದಕ್ಕಿದ್ದಂತೆ ಜಿಗಿದು, ಫೋನು ಮಾಡುವವರ ಸಂಖ್ಯೆ ಅಷ್ಟೇ ಇದ್ದರೆ, ಕೊಳಗ ಬದಲಾಗಿದೆಯೇ ಎಂದು ಮೊದಲು ಅನುಮಾನಿಸಿ.

ಹಾಗಾದರೆ ನಮ್ಮ ಕೊಳಗ ಯಾವುದು? ನಾವು ಯಾವ ಕಾರ್ಯ ಆಗಲೆಂದು ಮಾಹಿತಿ ಕೊಟ್ಟೆವೋ ಆ ಕಾರ್ಯವೇ ನಮ್ಮ ಕೊಳಗ. ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಉದಾಹರಣೆಯಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ ‘ಡಿಜಿಟಲ್ ಗ್ರೀನ್’ ಯೋಜನೆಯವರು ಗ್ರೀನ್ ಫೌಂಡೇಶನ್ ಜೊತೆಗೂಡಿ ಕರ್ನಾಟಕದ ಹಳ್ಳಿಗಳಲ್ಲಿ ರೈತರಿಂದಲೇ ವಿಡಿಯೊ ಮಾಡಿಸಿ, ಸಂಜೆಯ ಹೊತ್ತು ಗುಂಪಿನಲ್ಲಿ ತೋರಿಸುತ್ತಿದ್ದರು. ಅವರು ತಲೆ ಎಣಿಸಿ ಸುಮ್ಮನಾಗಲಿಲ್ಲ. ವಿಡಿಯೊ ತೋರಿಸಿದ ಹಳ್ಳಿಗಳಲ್ಲಿ ಎಷ್ಟು ರೈತರು ಆ ಪದ್ಧತಿಯನ್ನು ತಮ್ಮ ಹೊಲದಲ್ಲಿ ಮಾಡಿದರು, ತೋರಿಸದೆ ಎಂದಿನ ವಿಸ್ತರಣಾ ಕ್ರಮದಲ್ಲೇ ಉಳಿದ ಹಳ್ಳಿಗಳಲ್ಲಿ ಎಷ್ಟು ಮಂದಿ ಮಾಡಿದರು, ಹೀಗೆ ಅಳವಡಿಸಿಕೊಂಡ ಒಬ್ಬ ರೈತನಿಗೆ ತಗುಲಿದ ಖರ್ಚೆಷ್ಟು ಎಂದು ನೋಡಿದರು. ಖರ್ಚಿನ ಲೆಕ್ಕದಲ್ಲಿ ವಿಡಿಯೊ ಕ್ರಮ ಸುಮಾರು ಹತ್ತು ಪಟ್ಟು ಪರಿಣಾಮಕಾರಿಯಾಗಿತ್ತೆಂದು ಅವರ ವರದಿ ಹೇಳಿತು. ಆ ವಿಡಿಯೊಗಳನ್ನು ಸುಮ್ಮನೆ ಓಡಿಸಿ ಹೋಗುತ್ತಿರಲಿಲ್ಲ. ಅಲ್ಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವ ಊರಿನ ವ್ಯಕ್ತಿಯೊಬ್ಬರು ಇರುತ್ತಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು. ತಾಕಿನ ಪ್ರಯೋಗ ಮಾಡುವ ನನ್ನಂಥವರಿಗೆ ಈ ಕ್ರಮ ಪರಿಚಿತ. ಉಪಚಾರ ಕೊಟ್ಟ ತಾಕು, ಕೊಡದ ತಾಕು, ಎರಡರ ನಡುವಿನ ಅಂತರ – ಇಷ್ಟೇ.

ಈಗ ನಮ್ಮ ಊರಿಗೆ ಬರೋಣ. ಒಂದು ಬೆಳೆಗಾರರ ಬಳಗವನ್ನು ಕಲ್ಪಿಸಿಕೊಳ್ಳಿ. ಅಂಕಿಗಳೆಲ್ಲ ಲೆಕ್ಕ ತಿಳಿಯಲೆಂದು ನಾನು ಇಟ್ಟುಕೊಂಡವು. ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿ. ಅಡಿಕೆಗೆ ಕೊಳೆರೋಗ ಬಾರದಂತೆ ಮುಂಗಾರು ಹಿಡಿಯುವ ಮುನ್ನ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಆಗಬೇಕು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, 100 ಲೀಟರ್ ನೀರು ಎಂದು ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣ ಹಳೆಯದಾಗಿದ್ದರೆ ದ್ರಾವಣ ಹುಳಿಯಾಗಿಯೇ ಉಳಿಯುತ್ತದೆ, ಅದನ್ನು ಪರೀಕ್ಷಿಸುವವರು ಕಡಿಮೆ. ಬಳಗದ ಉದ್ದೇಶ ಒಂದೇ: ಬೆಳೆಗಾರರು ಪ್ರಾತ್ಯಕ್ಷಿಕೆಗೆ ಬರಬೇಕು, ಇಲ್ಲವೇ ಫೋನು ಮಾಡಿ ತಮ್ಮ ದ್ರಾವಣವನ್ನು ಸರಿಪಡಿಸಿಕೊಳ್ಳಬೇಕು.

ಯಾರು ಎಲ್ಲಿಂದ ಬಂದರೆಂದು ತಿಳಿಯಲು ಯಂತ್ರವೇನೂ ಬೇಡ. ವಾಟ್ಸಾಪಿನಲ್ಲಿ ಹಾಕುವ ಪ್ರಕಟಣೆಯ ಕೊನೆಗೆ ‘ಕ’, ಯೂಟ್ಯೂಬಿನದಕ್ಕೆ ‘ಚ’, ಫೇಸ್‌ಬುಕ್ಕಿನದಕ್ಕೆ ‘ಟ’, ಸಹಕಾರ ಸಂಘದ ಮತ್ತು ಡೈರಿಯ ಗೋಡೆಗೆ ಅಂಟಿಸಿದ ಕಾಗದಕ್ಕೆ ‘ತ’ ಎಂಬ ಅಕ್ಷರ ಬರೆದು, ಬಂದವರನ್ನು ಯಾವ ಅಕ್ಷರ ನೋಡಿದಿರಿ ಎಂದು ಕೇಳಿದರೆ ಸಾಕು. ಗೋಡೆಯ ಕಾಗದವೂ ಒಂದು ವೇದಿಕೆಯೇ ಎಂಬುದನ್ನು ನಾವು ಮರೆಯುತ್ತೇವೆ. ಹಾಜರಿ ಪುಸ್ತಕದಲ್ಲಿ ಇನ್ನೆರಡು ಕಲಂ ಇರಲಿ: ನಮ್ಮಲ್ಲಿಗೆ ಮೊದಲ ಸಲ ಬಂದಿರೇ, ‘ನೆನಪಿಲ್ಲ / ನೆರೆಯವರು ಹೇಳಿದರು’. ನೆನಪಿಲ್ಲದವರನ್ನು ಬಲವಂತದಿಂದ ಯಾವುದೋ ಅಕ್ಷರಕ್ಕೆ ತಳ್ಳಬಾರದು. ಜೊತೆಗೆ, ಕೆಲಸ ಮಾಡಿದವರು ಯಾವ ವೇದಿಕೆಗೆ ಎಷ್ಟು ಗಂಟೆ ಕೊಟ್ಟರೆಂದು ವಾರಕ್ಕೊಮ್ಮೆ ಬರೆದಿಡಬೇಕು. ತಿಂಗಳ ಕೊನೆಯಲ್ಲಿ ನೆನಪಿನಿಂದ ಬರೆದ ಗಂಟೆಗಳಿಗೆ ಬೆಲೆಯಿಲ್ಲ.

ಮೂರು ತಿಂಗಳು ಕಳೆದವು. ವಾಟ್ಸಾಪಿಗೆ 20 ಗಂಟೆ ಹೋಯಿತು, ಅದರಿಂದ 24 ಮಂದಿ ಬಂದರು. ಯೂಟ್ಯೂಬಿಗೆ 60 ಗಂಟೆ, 9 ಮಂದಿ. ಫೇಸ್‌ಬುಕ್ಕಿಗೆ 30 ಗಂಟೆ, ಇಬ್ಬರು. ಗೋಡೆಯ ಕಾಗದಕ್ಕೆ 4 ಗಂಟೆ, 12 ಮಂದಿ. ನೆನಪಿಲ್ಲದವರು 15. ಒಬ್ಬರನ್ನು ಕರೆತರಲು ವಾಟ್ಸಾಪಿಗೆ 50 ನಿಮಿಷ, ಕಾಗದಕ್ಕೆ 20 ನಿಮಿಷ, ಯೂಟ್ಯೂಬಿಗೆ ಸುಮಾರು ಆರೂಮುಕ್ಕಾಲು ಗಂಟೆ, ಫೇಸ್‌ಬುಕ್ಕಿಗೆ 15 ಗಂಟೆ ಹಿಡಿಯಿತು.

ಇಲ್ಲಿಗೇ ನಿಂತರೆ ಯೂಟ್ಯೂಬನ್ನೂ ಫೇಸ್‌ಬುಕ್ಕನ್ನೂ ಒಟ್ಟಿಗೆ ಮುಚ್ಚಬೇಕೆಂದು ಕಾಣುತ್ತದೆ. ಆದರೆ ಮೊದಲ ಸಲ ಬಂದವರ ಕಲಂ ನೋಡಿ. ವಾಟ್ಸಾಪಿನ 24ರಲ್ಲಿ ಹೊಸಬರು ಮೂವರು ಮಾತ್ರ. ಉಳಿದವರು ಹೇಗಿದ್ದರೂ ಬರುತ್ತಿದ್ದ ನಮ್ಮವರೇ. ಯೂಟ್ಯೂಬಿನ 9ರಲ್ಲಿ 7 ಮಂದಿ ಹೊಸಬರು. ಕಾಗದದ 12ರಲ್ಲಿ 8. ಹೊಸಬರೊಬ್ಬರಿಗೆ ಎಷ್ಟು ಗಂಟೆ ಎಂದು ಭಾಗಿಸಿದರೆ ವಾಟ್ಸಾಪಿಗೆ ಸುಮಾರು ಆರೂಮುಕ್ಕಾಲು ಗಂಟೆ, ಯೂಟ್ಯೂಬಿಗೆ ಸುಮಾರು ಎಂಟೂವರೆ ಗಂಟೆ. ಅಂತರ ಬಹುಪಾಲು ಕರಗಿತು. ಕಾಗದಕ್ಕೆ ಅರ್ಧ ಗಂಟೆ. ಫೋನಿಲ್ಲದ, ಅಥವಾ ಮನೆಯ ಒಂದೇ ಫೋನು ಗಂಡಸರ ಜೇಬಿನಲ್ಲಿರುವ ಹೆಣ್ಣುಮಕ್ಕಳು ಡೈರಿಗೆ ಹಾಲು ಕೊಡಲು ಬಂದಾಗ ಓದುವುದು ಅದನ್ನೇ. ಯಾವ ಕಂಪನಿಯ ಪರದೆಯೂ ಇದನ್ನು ತೋರಿಸುವುದಿಲ್ಲ.

ಇನ್ನು ತೀರ್ಮಾನ. ಇಲ್ಲಿ ನಾನು ಒತ್ತಿ ಹೇಳಬೇಕಾದುದೊಂದಿದೆ: ಗೆರೆಯನ್ನು ಅವಧಿಯ ಆರಂಭದಲ್ಲೇ ಎಳೆದಿರಬೇಕು. ‘ಫೇಸ್‌ಬುಕ್ಕಿನಿಂದ ಕನಿಷ್ಠ ಐವರು ಬರಬೇಕು, ಸತತ ಎರಡು ಅವಧಿ ಬಾರದಿದ್ದರೆ ಬಿಡುತ್ತೇವೆ’ ಎಂದು ಏಪ್ರಿಲ್ ಮೊದಲ ವಾರದಲ್ಲಿ ಬರೆದು ಸಹಿ ಹಾಕಿದ್ದರೆ, ಜುಲೈನಲ್ಲಿ ಜಗಳಕ್ಕೆ ಎಡೆಯಿಲ್ಲ. ಫಲಿತಾಂಶ ನೋಡಿದ ಮೇಲೆ ಗೆರೆ ಎಳೆದರೆ, ಪುಟ ಆರಂಭಿಸಿದವರ ಮನಸ್ಸಿಗೆ ನೋವಾಗದ ಹಾಗೆ ಗೆರೆ ಸರಿಯುತ್ತಾ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ನೆನಪಿಲ್ಲದ 15 ಮಂದಿಯಲ್ಲಿ ಉದಾರವಾಗಿ ಇಬ್ಬರನ್ನು ಫೇಸ್‌ಬುಕ್ಕಿಗೆ ಸೇರಿಸಿದರೂ ನಾಲ್ಕೇ ಆಯಿತು. ಹಿಂದಿನ ಅವಧಿಯೂ ಗೆರೆಯ ಕೆಳಗಿದ್ದರೆ ಅದನ್ನು ಬಿಡಬಹುದು. ಒಂದೇ ಅವಧಿಯಾಗಿದ್ದರೆ ಬಿಡಲಾಗದು. ಇಬ್ಬರು, ಐವರು ಎಂಬ ಚಿಕ್ಕ ಸಂಖ್ಯೆಗಳಲ್ಲಿ ಒಂದು ಮದುವೆಯ ದಿನವೋ ಒಂದು ಮಳೆಯೋ ಫಲಿತಾಂಶವನ್ನು ತಲೆಕೆಳಗು ಮಾಡುತ್ತದೆ.

ಯೂಟ್ಯೂಬಿನ ವಿಚಾರ ಬೇರೆ. ಜನರಿದ್ದಾರೆ, ಹೊಸಬರೂ ಬರುತ್ತಿದ್ದಾರೆ, ಆದರೆ ಶ್ರಮ ವಿಪರೀತ. ಇಂಥಲ್ಲಿ ದಿಕ್ಕು ಬದಲಿಸುವುದು ಸರಿ. ಯಾವುದನ್ನು ಬದಲಿಸಬೇಕೆಂದು ಚಾನೆಲ್ಲಿನ ಒಳಗಿನ ಎರಡು ಪುಟಗಳು ಹೇಳುತ್ತವೆ. ನೋಡುವವರು ಯಾವ ಗಳಿಗೆಯಲ್ಲಿ ಬಿಟ್ಟು ಹೋದರೆಂದು ಒಂದು ಗೆರೆಚಿತ್ರ ತೋರಿಸುತ್ತದೆ. ಮೊದಲ ಅರ್ಧ ನಿಮಿಷದಲ್ಲೇ ಗೆರೆ ಕಡಿದಾಗಿ ಇಳಿದಿದ್ದರೆ ಸ್ವಾಗತ, ಪ್ರಾರ್ಥನೆ, ಅಧ್ಯಕ್ಷರ ಪರಿಚಯ ಅಲ್ಲಿ ಕುಳಿತಿವೆಯೆಂದು ತಿಳಿಯಬೇಕು. ಜನರು ಎಲ್ಲಿಂದ ಬಂದರೆಂಬುದನ್ನು ಇನ್ನೊಂದು ಪುಟ ತೋರಿಸುತ್ತದೆ. ಹೆಚ್ಚಿನವರು ಹುಡುಕಾಟದಿಂದ ಬಂದಿದ್ದರೆ, ಅವರು ಟೈಪು ಮಾಡಿದ ಮಾತುಗಳೂ ಅಲ್ಲಿ ಸಿಗುತ್ತವೆ. ಆಗ ಅರ್ಧ ಗಂಟೆಯ ಸಭೆಯ ವಿಡಿಯೊ ಬಿಟ್ಟು, ‘ಬೋರ್ಡೋ ದ್ರಾವಣ ಹುಳಿಯಾಗಿದೆಯೇ, ಪರೀಕ್ಷಿಸುವುದು ಹೇಗೆ’ ಎಂಬ ನಾಲ್ಕು ನಿಮಿಷದ ವಿಡಿಯೊ ಸಾಕಾಗುತ್ತದೆ. ಒಂದು ಅವಧಿಯಲ್ಲಿ ಒಂದನ್ನೇ ಬದಲಿಸಿ. ಹೊಸ ತಳಿ, ಹೊಸ ಗೊಬ್ಬರ ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದರಿಂದ ಇಳುವರಿ ಬಂತೆಂದು ಹೇಳಲಾಗುವುದಿಲ್ಲ.

ಋತುವಿನ ಮಾತನ್ನು ಬಿಡುವಂತಿಲ್ಲ. ಕೊಳೆರೋಗದ ವಿಡಿಯೊವನ್ನು ಮೇ–ಜುಲೈನಲ್ಲಿ ಜನ ಹುಡುಕಿಕೊಂಡು ಬರುತ್ತಾರೆ. ನವೆಂಬರಿನಲ್ಲಿ ಅವರೆಲ್ಲ ಕೊಯ್ಲಿನಲ್ಲಿರುತ್ತಾರೆ. ಆದುದರಿಂದ ಮಲೆನಾಡಿನಲ್ಲಿ ಒಂದು ಅವಧಿಯನ್ನು ಅದರ ಹಿಂದಿನ ಅವಧಿಯೊಡನೆ ಹೋಲಿಸುವುದು ಮಳೆಗಾಲದ ಹಳ್ಳವನ್ನು ಬೇಸಿಗೆಯ ಹಳ್ಳದೊಡನೆ ಹೋಲಿಸಿದಂತೆ. ಕಳೆದ ವರ್ಷದ ಇದೇ ಮೂರು ತಿಂಗಳೊಡನೆ ಹೋಲಿಸಬೇಕು. ಗೆರೆಯನ್ನೂ ಋತುವಿಗೆ ತಕ್ಕಂತೆ ಎಳೆಯಬೇಕು. ಜೂನಿಗೆ ಐವರೆಂದರೆ ನವೆಂಬರಿಗೂ ಐವರೆಂದಲ್ಲ. ವಿದ್ಯುತ್ತು ಹೋಗಿ, ಟವರು ಸತ್ತ ವಾರಗಳನ್ನು ಪುಸ್ತಕದಲ್ಲಿ ಗುರುತು ಹಾಕಿಡಿ. ಇನ್ನೊಂದು ಮಾತು: ಒಮ್ಮೆ ಹಾಕಿದ ವಿಡಿಯೊ ಮರುವರ್ಷವೂ ಜನರನ್ನು ತರುತ್ತದೆ, ವಾಟ್ಸಾಪಿನ ಸಂದೇಶ ಎರಡು ದಿನದಲ್ಲಿ ಮುಳುಗುತ್ತದೆ. ಭತ್ತಕ್ಕೂ ಅಡಿಕೆಗೂ ಒಂದೇ ಗಡುವು ಇಡುವುದಿಲ್ಲವಲ್ಲ. ಹೊಸ ಚಾನೆಲ್ಲಿಗೆ ನಾಲ್ಕು ಅವಧಿ, ಅಂದರೆ ಒಂದು ಪೂರ್ಣ ವರ್ಷ, ಕೊಡುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಆದರೆ ಆ ವರ್ಷವನ್ನೂ ಮೊದಲೇ ಬರೆದಿಡಬೇಕು, ಇಲ್ಲವಾದರೆ ಅದು ಎಂದೂ ಮುಗಿಯದು.

ಬಿಟ್ಟರೆ ಏನಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಅಮೆರಿಕೆಯ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್.ಪಿ.ಆರ್.ನ ಪ್ರಕರಣ ಇಲ್ಲಿ ಉಪಯುಕ್ತ. ತನ್ನನ್ನು ಸರ್ಕಾರದ ಮಾಧ್ಯಮವೆಂಬಂತೆ ಗುರುತಿಸಿದುದನ್ನು ಪ್ರತಿಭಟಿಸಿ ಅದು 2023ರ ಏಪ್ರಿಲಿನಲ್ಲಿ ಟ್ವಿಟರಿಗೆ ಬರೆಯುವುದನ್ನು ನಿಲ್ಲಿಸಿತು. ಲೆಕ್ಕ ನೋಡಿ ಬಿಟ್ಟದ್ದಲ್ಲ, ತತ್ವಕ್ಕಾಗಿ ಬಿಟ್ಟದ್ದು. ಆದರೆ ಆರು ತಿಂಗಳ ನಂತರ ಲೆಕ್ಕ ನೋಡಿದಾಗ, ಅದರ ಜಾಲತಾಣಕ್ಕೆ ಬರುವವರಲ್ಲಿ ಶೇಕಡ ಒಂದರಷ್ಟು ಮಾತ್ರ ಕಡಿಮೆಯಾಗಿತ್ತು. ಬಿಡುವ ಮುನ್ನವೂ ಅಲ್ಲಿಂದ ಬರುತ್ತಿದ್ದವರು ಶೇಕಡ ಎರಡಕ್ಕಿಂತ ಕಡಿಮೆ. ಅಲ್ಲಿ ಅವರ ಹೆಸರಿಗೆ ಲಕ್ಷಗಟ್ಟಲೆ ಹಿಂಬಾಲಕರಿದ್ದರು ಎಂಬುದನ್ನು ಗಮನಿಸಿ. ಹಾಗೆಂದು ಇದನ್ನು ನಮಗೆ ಹಾಗೆಯೇ ಅನ್ವಯಿಸಬಾರದು: ಅವರಿಗೆ ಸ್ವಂತ ಬಾನುಲಿ ಇತ್ತು, ಸ್ವಂತ ಜಾಲತಾಣ ಇತ್ತು. ವಾಟ್ಸಾಪ್ ಗುಂಪೊಂದನ್ನೇ ನೆಚ್ಚಿಕೊಂಡ ಬಳಗ ಅದನ್ನು ಬಿಟ್ಟರೆ ಉಳಿಯುವುದೇನು?

ಬಿಡುವ ನಿರ್ಧಾರ ನಮ್ಮದಲ್ಲದಿರಲೂಬಹುದು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಜನ ಸೇರಿಸಿಕೊಂಡಿದ್ದ ಹಳ್ಳಿಯ ಹುಡುಗರಿಗೆ ಹಿಂಬಾಲಕರ ಒಂದು ವಿಳಾಸವೂ ಕೈಗೆ ಸಿಗಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡವನ್ನೂ ಬಳಸಲು ಅನುವು ಮಾಡಿಕೊಟ್ಟಿದ್ದ ‘ಕೂ’ 2024ರ ಜುಲೈನಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಇವೆರಡೂ ಆ ಪುಟಗಳ ಅಂಕಿ ಚೆನ್ನಾಗಿತ್ತೋ ಇಲ್ಲವೋ ಎಂದು ಕೇಳಿ ಆದದ್ದಲ್ಲ. ಆದುದರಿಂದ ತ್ರೈಮಾಸಿಕ ಪರಾಮರ್ಶೆಯ ಹಾಳೆಯಲ್ಲಿ ಒಂದು ಪ್ರಶ್ನೆ ಕಡ್ಡಾಯ: ಈ ವೇದಿಕೆ ನಾಳೆ ಬೆಳಿಗ್ಗೆ ಇಲ್ಲವಾದರೆ, ಇಲ್ಲಿನ ಎಷ್ಟು ಜನರನ್ನು ನಾವು ಬೇರೆ ದಾರಿಯಿಂದ ತಲುಪಬಲ್ಲೆವು? ಒಪ್ಪಿಗೆ ಪಡೆದು ಬರೆದಿಟ್ಟುಕೊಂಡ ಹೆಸರು, ಊರು, ಫೋನು ಸಂಖ್ಯೆಯ ಪುಸ್ತಕವೇ ಇದಕ್ಕೆ ಉತ್ತರ. ಅಂಕಿ ಚೆನ್ನಾಗಿದ್ದು ಈ ಪುಸ್ತಕ ಖಾಲಿಯಿದ್ದರೆ, ಮುಂದಿನ ಅವಧಿಯ ಶ್ರಮ ಅದನ್ನು ತುಂಬಲು ಹೋಗಲಿ.

ಬಿಡುವುದಕ್ಕೂ ಕ್ರಮವಿದೆ. ಒಂದೇ ದಿನ ಅಳಿಸಬೇಡಿ. ಹಾಕಿದ ಚಿತ್ರ, ಬರಹಗಳನ್ನು ಇಳಿಸಿಕೊಳ್ಳಿ. ‘ಇನ್ನು ಮುಂದೆ ನಮ್ಮನ್ನು ಇಂಥಲ್ಲಿ ಕಾಣಬಹುದು’ ಎಂಬ ಒಂದು ಪ್ರಕಟಣೆಯನ್ನು ಪುಟದ ಮೇಲ್ಭಾಗದಲ್ಲಿ ನಿಲ್ಲಿಸಿ. ಪುಟವನ್ನು ಹಾಗೆಯೇ ಬಿಡಿ, ಬೇರೆಯವರು ನಿಮ್ಮ ಹೆಸರಿನಲ್ಲಿ ತೆರೆಯದಿರಲಿ. ಮುಂದಿನ ಪರಾಮರ್ಶೆಯಲ್ಲಿ ಒಟ್ಟು ಬಂದವರ ಸಂಖ್ಯೆ ಕಳೆದ ವರ್ಷದ ಅದೇ ಅವಧಿಗಿಂತ ಕುಸಿದಿದೆಯೇ ಎಂದು ನೋಡಿ. ‘ಟ’ ಅಕ್ಷರ ಹೇಳುತ್ತಿದ್ದ ಇಬ್ಬರು ಈಗ ‘ಕ’ ಎಂದು ಬಂದರೆ ನಷ್ಟವಾಗಿಲ್ಲ. ಫೇಸ್‌ಬುಕ್ಕಿನಿಂದ ಉಳಿದ 30 ಗಂಟೆ ಎಲ್ಲಿ ಹೋಯಿತೆಂಬುದನ್ನೂ ಅದೇ ದಿನ ಕೇಳಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಅದರಲ್ಲಿ ಹತ್ತು ಗಂಟೆಯನ್ನು ಇನ್ನೂ ನಾಲ್ಕು ಡೈರಿಗಳ ಗೋಡೆಗೆ ಕಾಗದ ಅಂಟಿಸಲು ಕೊಟ್ಟು, ಉಳಿದ ಇಪ್ಪತ್ತನ್ನು ಆ ಹುಡುಗಿಗೆ ವಾಪಸು ಕೊಡುತ್ತೇನೆ. ಆಕೆಗೆ ಪರೀಕ್ಷೆ ಇದೆ.